ಗೇಣಿ ಹೋಯಿತು, ಹತ್ತು ಸೆಂಟ್ಸ್ ಉಳಿಯಿತು: ಕಾಸರಗೋಡಿನ ಭೂಸುಧಾರಣೆ ಮತ್ತು ಕೃಷಿ ವರ್ಗಗಳ ಬದಲಾವಣೆ

ಕಾಸರಗೋಡಿನಲ್ಲಿ ಭೂಸುಧಾರಣೆ ಗೆದ್ದಿತೇ ಎಂದು ಕೇಳಿದರೆ ನಾನು ಹೌದು ಅನ್ನುತ್ತೇನೆ. ನಮ್ಮ ಮನೆಯೇ ಅದಕ್ಕೆ ಸಾಕ್ಷಿ. ಪೆರ್ಲದ ಹತ್ತಿರ ನನ್ನ ಅಜ್ಜ ಚಾಲಗೇಣಿಗೆ ಗದ್ದೆ ಮತ್ತು ಅಡಿಕೆ ತೋಟ ಮಾಡುತ್ತಿದ್ದರು. ವರ್ಷಕ್ಕೆ 12 ಮುಡಿ ಅಕ್ಕಿ ಧಣಿಗಳ ಮನೆಗೆ ಹೋಗುತ್ತಿತ್ತು. 1970ರ ನಂತರ ಆ ಜಾಗ ಅಜ್ಜನ ಹೆಸರಿಗೆ ಬಂತು. ಆದರೆ ಆ ತೋಟದ ಕಣಿ ತೋಡಿದವರು, ಅಡಿಕೆ ಸಸಿ ನೆಟ್ಟವರು ಬೇರೆಯವರು. ಅವರ ಗುಡಿಸಲು ತೋಟದ ಮೂಲೆಯಲ್ಲಿತ್ತು. ಅವರಿಗೆ ಸಿಕ್ಕಿದ್ದು 10 ಸೆಂಟ್ಸ್, ಅಂದರೆ ಎಕ್ರೆಯ ಹತ್ತನೇ ಒಂದು ಪಾಲು.

ಕಾನೂನು ಗೆರೆ ಎಳೆದದ್ದು ಧಣಿಗೂ ಒಕ್ಕಲಿಗೂ ನಡುವೆ. ಒಕ್ಕಲಿಗೂ ಆಳಿಗೂ ನಡುವೆ ಇದ್ದ ಗೆರೆಯನ್ನು ಅದು ಹಾಗೆಯೇ ಬಿಟ್ಟಿತು. ಈ ಪ್ರಬಂಧದ ವಾದ ಇಷ್ಟೇ. ಒಂದು ಮಾತು ಮೊದಲೇ ಹೇಳಬೇಕು. ನಮ್ಮ ಕಡೆ ‘ವರ್ಗ’ ಅಂದರೆ ಪಟ್ಟೆ ಜಾಗ, ‘ವರ್ಗದಾರ’ ಅಂದರೆ ಅದರ ಒಡೆಯ. ಸಾಮಾಜಿಕ ವರ್ಗದ ಜೊತೆ ಅದು ಬೆರೆತು ಹೋಗಬಾರದೆಂದು ಇಲ್ಲಿ ಪಟ್ಟೆ ಜಾಗಕ್ಕೆ ‘ವರ್ಗಜಾಗ’ ಎಂದೇ ಬರೆದಿದ್ದೇನೆ.

ರೈತನೆಂಬ ಹೆಸರಿನ ಧಣಿ

1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆಮೇಲೆ ಕೇರಳಕ್ಕೆ ಸೇರಿತು. ತೆಂಕಣ ಮಲಬಾರಿನಲ್ಲಿ ಜನ್ಮಿಗಳಿದ್ದರು. ಇಲ್ಲಿ ಇದ್ದದ್ದು ರೈತವಾರಿ. ಪುಸ್ತಕದ ಪ್ರಕಾರ ಸರ್ಕಾರಕ್ಕೆ ತೀರ್ವೆ ಕಟ್ಟುವವನೇ ರೈತ, ಮಧ್ಯೆ ಯಾರೂ ಇಲ್ಲ. ಊರಿನ ಕಥೆ ಬೇರೆ. ತೀರ್ವೆ ಕಟ್ಟುವ ವರ್ಗದಾರ ಬಹಳ ಸಲ ನೇಗಿಲು ಮುಟ್ಟುತ್ತಿರಲಿಲ್ಲ. ಅವನ ಕೆಳಗೆ ಮೂಲಗೇಣಿಯವರು, ಅಂದರೆ ಕಾಯಂ ಒಕ್ಕಲುಗಳು. ಇನ್ನೊಂದು ಕಡೆ ಚಾಲಗೇಣಿಯವರು. ಧಣಿ ಬೇಡ ಅಂದ ದಿನ ಇವರು ಎದ್ದು ಹೋಗಬೇಕು. ಎಲ್ಲರ ಕೆಳಗೆ ಮೂಲದಾಳುಗಳು, ಹೆಚ್ಚಾಗಿ ಮೊಗೇರ, ಮಾಯಿಲ ಮುಂತಾದ ದಲಿತ ಸಮುದಾಯದವರು. ಇವರಿಗೆ ಗೇಣಿಯ ಮಾತೇ ಇರಲಿಲ್ಲ. ಕೂಲಿಗೆ ಭತ್ತ, ಇರಲು ಧಣಿಯ ಅಥವಾ ಒಕ್ಕಲಿನ ಜಾಗ.

ವರ್ಗಜಾಗಕ್ಕೆ ಕುಮ್ಕಿಯೂ ಸೇರುತ್ತಿತ್ತು. ಸುತ್ತ 100 ಗಜದ ಸರ್ಕಾರಿ ಗುಡ್ಡದಿಂದ ಸೊಪ್ಪು, ಸೌದೆ ತರುವ ಅನುಕೂಲ ಅದು. ಸೊಪ್ಪಿಲ್ಲದೆ ಅಡಿಕೆ ತೋಟ ಬದುಕುವುದು ಕಷ್ಟ. ಹಾಗಾಗಿ ಗದ್ದೆಯ ಲೆಕ್ಕವನ್ನಷ್ಟೇ ನೋಡಿದರೆ ಧಣಿಯ ಬಲ ಪೂರ್ತಿ ಕಾಣುವುದಿಲ್ಲ.

ಹದಿಮೂರು ವರ್ಷಗಳ ಕಾಯುವಿಕೆ

ತಾಲೂಕಿನ ತೆಂಕು ಭಾಗದಲ್ಲಿ ರೈತ ಸಂಘದ ಹೋರಾಟ ಹಳೆಯದು. ರೈತರ ಮೆರವಣಿಗೆಯ ವೇಳೆ ಪೊಲೀಸನೊಬ್ಬ ಸತ್ತ 1941ರ ಕಯ್ಯೂರು ಘಟನೆ, ಅದಕ್ಕಾಗಿ 1943ರ ಮಾರ್ಚ್ 29ರಂದು ನಾಲ್ವರು ಹೋರಾಟಗಾರರನ್ನು ಗಲ್ಲಿಗೇರಿಸಿದ್ದು ಎಲ್ಲರಿಗೂ ಗೊತ್ತು. 1957ರ ಏಪ್ರಿಲ್‌ನಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರ ಬಂದು ವಾರದೊಳಗೆ ಒಕ್ಕಲೆಬ್ಬಿಸುವುದನ್ನು ತಡೆಯುವ ಆದೇಶ ಹೊರಡಿಸಿತು. 1959ರಲ್ಲಿ ಭೂಸುಧಾರಣೆಯ ಮಸೂದೆ ಪಾಸಾಯಿತು. ಅದೇ ವರ್ಷ ಜುಲೈ 31ಕ್ಕೆ ಸರ್ಕಾರವೇ ವಜಾ ಆಯಿತು. 1961ರಲ್ಲಿ ಕಾನೂನು ಜಾರಿಗೆ ಬಂದಾಗ ಅದಕ್ಕೆ ಮೊದಲ ಪೆಟ್ಟು ಕೊಟ್ಟದ್ದು ನಮ್ಮ ಊರಿನ ಜಾಗಗಳೇ.

ಈ ಪ್ರಕರಣದ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಹೊಸದುರ್ಗ ಮತ್ತು ಕಾಸರಗೋಡು ತಾಲೂಕಿನ ರೈತವಾರಿ ಜಾಗದ ಒಡೆಯರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಕರಿಂಬಿಲ್ ಕುಂಞಿಕೋಮನ್ ಪ್ರಕರಣ, ತೀರ್ಪು ಬಂದದ್ದು 1961ರ ಡಿಸೆಂಬರ್ 5ಕ್ಕೆ. ಭೂಸುಧಾರಣೆಗೆ ಸಂವಿಧಾನ ಕೊಟ್ಟ ರಕ್ಷಣೆ ‘ಎಸ್ಟೇಟ್’ಗಳಿಗೆ ಮಾತ್ರ, ಇಲ್ಲಿನ ರೈತವಾರಿ ಜಾಗ ಎಸ್ಟೇಟ್ ಅಲ್ಲ ಎಂದಿತು ಕೋರ್ಟು. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟು ಅಡಿಕೆ, ಕರಿಮೆಣಸಿಗೆ ಕೊಡದೇ ಇದ್ದದ್ದು ತಾರತಮ್ಯ ಎಂದೂ ಹೇಳಿತು. ಈ ಜಾಗಗಳ ಮಟ್ಟಿಗೆ ಕಾನೂನು ಬಿದ್ದು ಹೋಯಿತು. ಕಾಗದದಲ್ಲಿ ‘ರೈತ’ ಎಂದಿದ್ದ ಒಂದು ಪದ ಗೇಣಿ ಉಣ್ಣುವವರನ್ನು ಹೀಗೆ ಕಾಪಾಡಿತು. ಇತಿಹಾಸ ಬರೆಯುವಾಗ ನಾವು ಇದನ್ನು ಕೋರ್ಟಿನ ಒಂದು ಅಡಿಟಿಪ್ಪಣಿಯಂತೆ ದಾಟಿಬಿಡುತ್ತೇವೆ. ಅದು ತಪ್ಪು. ಬ್ರಿಟಿಷರ ಕಂದಾಯದ ಲೆಕ್ಕ ಸಮಾಜದ ನಿಜವಾದ ಸಂಬಂಧವನ್ನು ಎಷ್ಟು ಕಾಲ ಮುಚ್ಚಿಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1964ರ 17ನೇ ತಿದ್ದುಪಡಿ ರೈತವಾರಿ ಜಾಗವನ್ನೂ ‘ಎಸ್ಟೇಟ್’ ಒಳಗೆ ಸೇರಿಸಿತು. ಹೊಸ ಭೂಸುಧಾರಣಾ ಕಾಯ್ದೆ ಬಂತು. 1969ರ ತಿದ್ದುಪಡಿಯ ನಂತರ, 1970ರ ಜನವರಿ 1ರಿಂದ, ಗೇಣಿಗೆ ಕೊಟ್ಟ ಜಾಗದ ಹಕ್ಕು ಸರ್ಕಾರಕ್ಕೆ ಸೇರಿತು. 1957ರಿಂದ 1970ರವರೆಗೆ 13 ವರ್ಷ. ಕಾನೂನು ಬರುತ್ತದೆ ಎಂದು ಗೊತ್ತಿದ್ದವರಿಗೆ ಪಾಲು ಮಾಡಲು, ಮಕ್ಕಳ ಹೆಸರಿಗೆ ಬರೆಯಲು ಅದು ಸಾಕಷ್ಟು ಸಮಯ ಅಲ್ವಾ?

ಯಾರಿಗೆ ಏನು ಬಂತು

ಒಕ್ಕಲು ನ್ಯಾಯವಾದ ಗೇಣಿಯ 16 ಪಟ್ಟು ಕಟ್ಟಿ ಒಡೆಯನಾಗಬಹುದಿತ್ತು. ಕಂತಿನಲ್ಲೂ ಕಟ್ಟಬಹುದಿತ್ತು. ಬೆಲೆ ಏರುತ್ತಾ ಹೋದಂತೆ ಆ ಕಂತು ಹಗುರವಾಯಿತು. ಅಜ್ಜನ ಟ್ರಂಕಿನಲ್ಲಿ ಆರೇಳು ಗೇಣಿ ರಶೀದಿ ಇದ್ದವು. ಉಳಿದ ವರ್ಷಗಳಿಗೆ ನೆರೆಯವರ ಸಾಕ್ಷಿ. ಲ್ಯಾಂಡ್ ಟ್ರಿಬ್ಯೂನಲ್‌ನಲ್ಲಿ ಅಷ್ಟು ಸಾಕಾಯಿತು. ರಶೀದಿಯೂ ಇಲ್ಲದೆ, ಧಣಿಗೆ ಎದುರಾಗಿ ಸಾಕ್ಷಿ ಹೇಳುವವರೂ ಇಲ್ಲದೆ ಇದ್ದವರ ಪಾಡು ಇಷ್ಟು ಸುಲಭ ಇರಲಿಲ್ಲ.

ಗುಡಿಸಲಿನವರಿಗೆ ಕುಡಿಕಿಡಪ್ಪು, ಅಂದರೆ ಗುಡಿಸಲಿದ್ದ ಜಾಗದ ಹಕ್ಕು. ಪಂಚಾಯತಿನಲ್ಲಿ 10 ಸೆಂಟ್ಸ್, ಮುನ್ಸಿಪಾಲಿಟಿಯಲ್ಲಿ 5. ಇದನ್ನು ಚಿಕ್ಕದು ಎಂದು ಯಾರೂ ಹೇಳಬಾರದು. ನಾಳೆ ಬಿಟ್ಟು ಹೋಗು ಎಂಬ ಮಾತು ಆ ದಿನದಿಂದ ನಿಂತಿತು. ಬೇರೆಯವರ ಕೆಲಸಕ್ಕೆ ಹೋಗುವ, ಕೂಲಿ ಚೌಕಾಸಿ ಮಾಡುವ ಧೈರ್ಯ ಬಂದದ್ದು ಆ 10 ಸೆಂಟ್ಸ್‌ನಿಂದ. 1974ರ ಕೃಷಿ ಕಾರ್ಮಿಕರ ಕಾಯ್ದೆ ಅದಕ್ಕೆ ಬಲ ಕೊಟ್ಟಿತು. ಆದರೆ 10 ಸೆಂಟ್ಸ್‌ನಲ್ಲಿ ಮನೆ, ಬಾವಿ, ನಾಲ್ಕು ತೆಂಗು ಆದರೆ ಮುಗಿಯಿತು. ಕುಮ್ಕಿ ಇಲ್ಲ, ನೀರಿನ ಪಾಲಿಲ್ಲ, ಬ್ಯಾಂಕಿನಲ್ಲಿ ಅಡವಿಡುವಷ್ಟು ಜಾಗ ಇಲ್ಲ.

ಮಿತಿಗಿಂತ ಹೆಚ್ಚಿನ ಜಾಗದಿಂದ, ಅಂದರೆ ಮಿಚ್ಚಭೂಮಿಯಿಂದ, ಭೂಹೀನರಿಗೆ ಸಿಗಬೇಕಿತ್ತು. ಐದು ಜನರವರೆಗಿನ ಕುಟುಂಬಕ್ಕೆ ಮಿತಿ, ಜಾಗದ ಬಗೆಗೆ ತಕ್ಕಂತೆ ಲೆಕ್ಕ ಹಾಕುವ 10 ಸ್ಟಾಂಡರ್ಡ್ ಎಕ್ರೆ. ಚಹಾ, ಕಾಫಿ, ರಬ್ಬರಿನಂಥ ತೋಟಗಳು ಅದರ ಹೊರಗೆ. ಒಕ್ಕಲುಗಳಿಗೆ ಹೋದ ಜಾಗದ ಮುಂದೆ ಮಿಚ್ಚಭೂಮಿಯಾಗಿ ಹಂಚಿಕೆಯಾದದ್ದು ಬಹಳ ಕಡಿಮೆ. ಆದಿವಾಸಿ ಕೊರಗರ ಕಾಲೋನಿಗಳಿಗೆ ಇವತ್ತು ಹೋಗಿ ನೋಡಿದರೆ ಈ ಕೊರತೆ ಕಣ್ಣಿಗೆ ಹೊಡೆಯುತ್ತದೆ.

ಗಡಿಯಾಚೆ ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂತು. ಅಲ್ಲಿ ಒಕ್ಕಲು ಏಳನೇ ನಂಬ್ರದ ಫಾರಂ ತುಂಬಿ ಟ್ರಿಬ್ಯೂನಲ್‌ಗೆ ಕೊಡಬೇಕಿತ್ತು. ದಾರಿ ಬೇರೆಯಾದರೂ ಒಂದೇ ಹಳೆಯ ಜಿಲ್ಲೆಯ ಎರಡು ತುಂಡುಗಳಲ್ಲಿ ಹೆಚ್ಚು ಗೆದ್ದವನು ಒಬ್ಬನೇ, ಒಕ್ಕಲು.

ಹೊಸ ಒಡೆಯ, ಹೊಸ ಗೇಣಿ

ಹೊಸ ಒಡೆಯ ಭತ್ತ ಬಿಟ್ಟು ಅಡಿಕೆ, ರಬ್ಬರ್ ಹಿಡಿದ. ಕೇರಳದಲ್ಲಿ 1970ರ ದಶಕದ ನಡುವೆ ಸುಮಾರು 8.8 ಲಕ್ಷ ಹೆಕ್ಟೇರ್ ಇದ್ದ ಭತ್ತ ಈಗ ಸುಮಾರು 2 ಲಕ್ಷಕ್ಕೆ ಇಳಿದಿದೆ. ನಾಟಿ, ಕಳೆ, ಕೊಯ್ಲು ಹೆಂಗಸರ ಕೆಲಸ. ಗದ್ದೆ ಹೋದಾಗ ಮೊದಲು ಕೆಲಸ ಹೋದದ್ದು ಅವರದ್ದು. ಗಂಡಸರು ಅಡಿಕೆ ಮರ ಹತ್ತಲು, ಕಲ್ಲಿನ ಕೋರೆಗೆ, ಕಟ್ಟಡದ ಕೆಲಸಕ್ಕೆ ಹೋದರು. ಒಕ್ಕಲಿನ ಮಕ್ಕಳು ಓದಿ ಮಂಗಳೂರಿಗೆ, ಗಲ್ಫಿಗೆ ಹೋದರು. ನಾನೂ ಹಾಗೆ ಓದಿದವನು. ನನ್ನ ಓದಿನ ಖರ್ಚು ಆ ತೋಟದ ಅಡಿಕೆಯಿಂದ ಬಂತು. ಅದನ್ನು ಹೇಳದೆ ಈ ಪ್ರಬಂಧ ಬರೆಯುವುದು ಸರಿಯಲ್ಲ.

ಕಾಯ್ದೆಯ 74ನೇ ಸೆಕ್ಷನ್ ಹೊಸದಾಗಿ ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಆದರೂ ಪಾಳು ಬಿದ್ದ ಗದ್ದೆಗಳಲ್ಲಿ ಈಗ ಕುಟುಂಬಶ್ರೀ ಎಂಬ ಸ್ವಸಹಾಯ ಯೋಜನೆಯ ಗುಂಪಿನ ಹೆಂಗಸರು ಸಾಗುವಳಿ ಮಾಡುತ್ತಿದ್ದಾರೆ. ನಮ್ಮ ಕೆಳಗಿನ ಗದ್ದೆಯಲ್ಲಿ ದುಡಿಯುವ ಐವರಲ್ಲಿ ಇಬ್ಬರು ಆ 10 ಸೆಂಟ್ಸ್ ಮನೆಯವರು. ಒಂದು ಬೆಳೆಗೆ ಇಷ್ಟು ಎಂದು ಬಾಯಿಮಾತು. ರಶೀದಿ ಇಲ್ಲ. ಮುಂದಿನ ವರ್ಷ ಕೊಡುವುದೋ ಬೇಡವೋ ಎಂದು ತೀರ್ಮಾನಿಸುವವರು ನಾವು.