ಪಾಸಾದವರು 13 ಮಕ್ಕಳು

ಎಲ್ಲರಿಗೂ ನಮಸ್ಕಾರ. ಎಸ್‌ಡಿಎಂಸಿ ಅಧ್ಯಕ್ಷರೇ, ಹೊಲದ ಕೆಲಸ ಬಿಟ್ಟು ಬಂದಿರುವ ತಾಯಂದಿರೇ, ಅಣ್ಣಂದಿರೇ, ನನ್ನ ಜೊತೆಯ ಶಿಕ್ಷಕರೇ, ಮಕ್ಕಳೇ.

ಈ ಸಲ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ನಮ್ಮ ಶಾಲೆಯ ಫಲಿತಾಂಶ ಶೇ. 81. ಹೋದ ವರ್ಷ ಶೇ. 58 ಇತ್ತು. ಯಾದಗಿರಿ ಜಿಲ್ಲೆ ಅಂದರೆ 2024ರಲ್ಲಿ ರಾಜ್ಯಕ್ಕೇ ಕೊನೆ ಬಂದ ಜಿಲ್ಲೆ. ಅಂಥ ಕಡೆ ಇದು ಸಣ್ಣ ಖುಷಿಯಲ್ಲ. ಮೊದಲು ಮಕ್ಕಳಿಗೆ ಜೋರಾಗಿ ಚಪ್ಪಾಳೆ ಹೊಡೆಯಿರಿ.

ಅಧ್ಯಕ್ಷರು ಶಹಾಪುರದಲ್ಲಿ ಫ್ಲೆಕ್ಸ್ ಮಾಡಿಸಲು ಹೊರಟಿದ್ದಾರೆ. 'ಒಂದೇ ವರ್ಷದಲ್ಲಿ ಶೇ. 23 ಏರಿಕೆ' ಅಂತ ಹಾಕಿಸುತ್ತಾರಂತೆ. ಅಣ್ಣಾ, ಅದೊಂದು ಬೇಡ. ಯಾಕೆ ಅಂತ ಹೇಳುತ್ತೇನೆ.

ಹೋದ ವರ್ಷ ಪರೀಕ್ಷೆ ಬರೆದವರು 19, ಪಾಸಾದವರು 11. ಈ ವರ್ಷ ಬರೆದವರು 16, ಪಾಸಾದವರು 13. ಅಂದರೆ ಜಾಸ್ತಿ ಪಾಸಾದವರು ಇಬ್ಬರೇ ಅಲ್ವಾ? ನಮ್ಮಲ್ಲಿ ಒಂದು ಮಗು ಅಂದರೆ ಆರು ಪರ್ಸೆಂಟ್. ಪರೀಕ್ಷೆ ದಿನ ಒಬ್ಬನಿಗೆ ಜ್ವರ ಬಂದರೂ 81 ಇದ್ದದ್ದು 75 ಆಗುತ್ತದೆ. ಇನ್ನೂರು ಮಕ್ಕಳ ಶಾಲೆಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ಮಾತು. ಈ ವರ್ಷ ಪಾಸಿನ ನಿಯಮವೇ ಬದಲಾಗಿದೆ. ಒಟ್ಟು 625ಕ್ಕೆ 206 ಅಂಕ, ಪ್ರತಿ ವಿಷಯದಲ್ಲಿ ಕನಿಷ್ಠ 30 ಬಂದರೆ ಸಾಕು. ನಮ್ಮ 13ರಲ್ಲಿ ಇಬ್ಬರಿಗೆ ಗಣಿತದಲ್ಲಿ 31, 32 ಬಂದಿದೆ. ಹೆಸರು ಹೇಳುವುದಿಲ್ಲ, ಅವರೂ ನ್ಯಾಯವಾಗಿಯೇ ಪಾಸಾಗಿದ್ದಾರೆ. ಆದರೆ ಹಳೆಯ 35ರ ನಿಯಮ ಇದ್ದಿದ್ದರೆ ನಾವು 11ಕ್ಕೇ ನಿಲ್ಲುತ್ತಿದ್ದೆವು. 16ಕ್ಕೆ 11 ಅಂದರೆ ಶೇ. 69. ಹೋದ ವರ್ಷಕ್ಕಿಂತ ಹಿಂದಿನ ವರ್ಷ 14ಕ್ಕೆ 10 ಪಾಸಾಗಿ ಶೇ. 71 ಬಂದಿತ್ತು, ನೆನಪಿದೆಯಾ? ಆಗ ಯಾರೂ ಫ್ಲೆಕ್ಸ್ ಹಾಕಿಸಲಿಲ್ಲ!

ಹಾಗಾದರೆ ಏನೂ ಆಗಿಲ್ಲವಾ? ಆಗಿದೆ. ಹತ್ತಿ ಬಿಡಿಸುವ ದಿನಗಳಲ್ಲೂ ಸಂಜೆ ಕ್ಲಾಸಿಗೆ ಮಕ್ಕಳು ಬಂದರು. ಅದಕ್ಕೆ ನೀವು ಕೂಲಿ ಬಿಟ್ಟುಕೊಟ್ಟಿದ್ದೀರಿ. ಇಂಗ್ಲಿಷಿನಲ್ಲಿ ಈ ಸಲ ಒಬ್ಬರೂ ಫೇಲಾಗಿಲ್ಲ, ಹೋದ ಸಲ ಐವರು ಆಗಿದ್ದರು. ಸಂಜೆ ಕ್ಲಾಸೇ ಕಾರಣ ಅಂತ ನನಗೆ ಅನಿಸುತ್ತದೆ. ಆದರೆ ಈ ಬ್ಯಾಚ್ ಒಂಬತ್ತನೇ ತರಗತಿಯಿಂದಲೇ ಚುರುಕಿತ್ತು. ಇನ್ನೆರಡು ವರ್ಷ ಹೀಗೇ ಬಂದರೆ ಆಗ ಗಟ್ಟಿಯಾಗಿ ಹೇಳುತ್ತೇನೆ.

ಒಂಬತ್ತರಲ್ಲಿ ಇವರು 20 ಮಂದಿ ಇದ್ದರು. ಒಬ್ಬಳು ಟಿಸಿ ತಗೊಂಡು ಹಾಸ್ಟೆಲ್‌ಗೆ ಹೋದಳು. ಮೂವರು ಅಪ್ಪ-ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋದರು, ಪರೀಕ್ಷೆಗೇ ಕೂರಲಿಲ್ಲ. ಆ ಮೂವರು 81ರ ಲೆಕ್ಕದಲ್ಲೇ ಇಲ್ಲ. ನನಗೆ ರಾತ್ರಿ ನೆನಪಾಗುವುದು ಅವರೇ.

ಫ್ಲೆಕ್ಸ್ ಹಾಕಿಸುವುದೇ ಆದರೆ '16 ಮಕ್ಕಳಲ್ಲಿ 13 ಪಾಸ್' ಅಂತ ಹಾಕಿಸಿ, ಹದಿನಾರೂ ಮಕ್ಕಳ ಫೋಟೊ ಇರಲಿ. ಉಳಿದ ಮೂವರು ಪರೀಕ್ಷೆ-2 ಬರೆಯುತ್ತಾರೆ. ಸೋಮವಾರದಿಂದ ಬೆಳಿಗ್ಗೆ ಎಂಟಕ್ಕೆ ಗಣಿತ ಸರ್ ಶಾಲೆಯಲ್ಲೇ ಇರುತ್ತಾರೆ. ಬಿಸಿಲೇರುವ ಮೊದಲೇ ಕಳಿಸಿಕೊಡಿ.