ಭಾನುವಾರದ ಚಟ್ನಿ: ಕ್ಷಮೆ ಕೇಳುವ ವಿಡಿಯೊ

(ಬಾಗಿಲು ಹಾಕಿದ ಹೋಟೆಲ್ ಒಳಗೆ. ಮಾಲೀಕರು ಗಲ್ಲಾದಲ್ಲಿ ಅಲ್ಲ, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತಿರಲಿ. ಹಿಂದೆ ಮ್ಯೂಸಿಕ್ ಬೇಡ.)

ನಮಸ್ಕಾರ. ಹಾಸನದ ಬಿ.ಎಂ. ರಸ್ತೆಯಲ್ಲಿ 11 ವರ್ಷದಿಂದ ಈ ಹೋಟೆಲ್ ನಡೆಸುತ್ತಿದ್ದೇನೆ. ಭಾನುವಾರ ಇಲ್ಲಿ ಏನಾಯಿತು ಅಂತ ಊರಲ್ಲಿ ನಾಲ್ಕು ಥರ ಮಾತು ಓಡಾಡುತ್ತಿದೆ. ನಡೆದದ್ದನ್ನು ನಾನೇ ಹೇಳುತ್ತೇನೆ.

ಬೆಳಿಗ್ಗೆ 9 ಗಂಟೆ ಹೊತ್ತಿಗೆ ಒಬ್ಬ ತಾಯಿ, 6 ವರ್ಷದ ಮಗಳ ಜೊತೆ ಬಂದು ಸೆಟ್ ದೋಸೆ ಹೇಳಿದರು. ಮಗುವಿಗೆ ಕಡಲೆಕಾಯಿ ಆಗುವುದಿಲ್ಲ, ಅಲರ್ಜಿ, ಚಟ್ನಿಗೆ ಬೀಜ ಹಾಕಿದ್ದೀರಾ ಅಂತ ಕೇಳಿದರು. ಬಡಿಸುವ ಹುಡುಗ ಬಂದು ನನ್ನನ್ನು ಕೇಳಿದ. ನಾನು ಚಿಲ್ಲರೆ ಎಣಿಸುತ್ತಿದ್ದೆ. ತಲೆ ಕೂಡ ಎತ್ತದೆ, "ಬರೀ ಕಾಯಿ ಚಟ್ನಿ, ಕೊಡು ಹೋಗು" ಅಂದೆ.

ಅದು ಬರೀ ಕಾಯಿ ಚಟ್ನಿ ಆಗಿರಲಿಲ್ಲ. ಕಾಯಿ ಸಾಲದಿದ್ದರೆ ಕಡಲೆಕಾಯಿ ಬೀಜ ಸೇರಿಸಿ ರುಬ್ಬಿ ಅಂತ ಭಟ್ಟರಿಗೆ ಹೇಳಿದ್ದವನು ನಾನೇ. ಅವತ್ತೂ ಹಾಗೇ ರುಬ್ಬಿದ್ದರು. ಅಡುಗೆಮನೆ ಹತ್ತು ಹೆಜ್ಜೆ ದೂರ. ಎದ್ದು ಹೋಗಿ ಕೇಳಲಿಲ್ಲ.

(ಸ್ವಲ್ಪ ಸುಮ್ಮನಿರಿ. ಈ ಜಾಗ ಕಟ್ ಮಾಡಬೇಡಿ.)

ಎರಡು ತುತ್ತಿಗೇ ಮಗುವಿನ ತುಟಿ ಊದಿಕೊಂಡಿತು. ಕೆಮ್ಮು ಶುರುವಾಯಿತು. ಆಗಲೂ ನಾನು "ಏನೂ ಆಗಲ್ಲಮ್ಮ, ನೀರು ಕುಡಿಸಿ" ಅಂದೆ. ಆ ಮಾತು ನೆನೆದರೆ ನಾಚಿಕೆ ಆಗುತ್ತದೆ. ಅವರು ನನ್ನ ಮಾತು ಕೇಳದೆ ತಕ್ಷಣ ಆಟೊ ಹತ್ತಿ ಆಸ್ಪತ್ರೆಗೆ ಓಡಿದರು. ಮಗು ಒಂದು ರಾತ್ರಿ ಅಲ್ಲಿರಬೇಕಾಯಿತು. ಈಗ ಮನೆಯಲ್ಲಿ ಹುಷಾರಾಗಿದೆ. ಅವರ ಒಪ್ಪಿಗೆ ಕೇಳಿಯೇ ಇಷ್ಟು ಹೇಳುತ್ತಿದ್ದೇನೆ. ಅವರು ಯಾರು ಅಂತ ಯಾರೂ ಹುಡುಕಬೇಡಿ.

ಅಮ್ಮಾ, ನೀವು ಸರಿಯಾಗಿ ಕೇಳಿದಿರಿ, ನಾನು ಗೊತ್ತಿಲ್ಲದೆ ಗೊತ್ತಿದ್ದವನ ಥರ ಉತ್ತರ ಕೊಟ್ಟೆ. ನನ್ನಿಂದ ತಪ್ಪಾಯಿತು. ನಿಮ್ಮಲ್ಲೂ ಮಗುವಿನಲ್ಲೂ ಕ್ಷಮೆ ಕೇಳುತ್ತೇನೆ. ಕ್ಷಮಿಸಲೇಬೇಕು ಅಂತೇನಿಲ್ಲ. ಆಸ್ಪತ್ರೆ ಖರ್ಚು ನನ್ನದು. ಮುಂದೆ ತೋರಿಸಬೇಕಾಗಿ ಬಂದರೆ ಅದೂ ನನ್ನದೇ.

ಇನ್ನೊಂದು ಮಾತು. ಬಡಿಸಿದ ಹುಡುಗನಿಗೆ ಕೆಲವರು ಬೈಯುತ್ತಿದ್ದಾರೆ. ಅವನು ಕೇಳಬೇಕಾದ್ದನ್ನು ಕೇಳಿದ್ದ. ಬೈಯುವುದಿದ್ದರೆ ನನಗೆ ಬೈಯಿರಿ. ಕಾಯಿ ಚಟ್ನಿ ಅಂತ ನಂಬಿ ಇಷ್ಟು ದಿನ ತಿಂದ ನಿಮ್ಮೆಲ್ಲರಿಗೂ ನಾನು ಸುಳ್ಳು ಹೇಳಿದ ಹಾಗೇ ಆಯಿತು ಅಲ್ವಾ. ಅದಕ್ಕೂ ಕ್ಷಮೆ ಇರಲಿ.

ಚಟ್ನಿಗೆ ಬೀಜ ಹಾಕುವುದನ್ನು ನಿಲ್ಲಿಸಿದ್ದೇವೆ. ಕಾಯಿ ಮುಗಿದರೆ ಚಟ್ನಿ ಇಲ್ಲ, ಸಾಗು ಅಷ್ಟೇ. ಆದರೆ ಚಿತ್ರಾನ್ನಕ್ಕೆ ಈಗಲೂ ಬೀಜ ಹುರಿಯುತ್ತೇವೆ. ಅದೇ ಬಾಣಲೆ, ಅದೇ ಸೌಟು ಬೇರೆಯದಕ್ಕೂ ಹೋಗುತ್ತದೆ. ಈ ಅಲರ್ಜಿ ಇರುವವರಿಗೆ ಒಂಚೂರು ತಾಗಿದರೂ ಸಾಕು ಅಂತ ಡಾಕ್ಟರು ತಿಳಿಸಿ ಹೇಳಿದರು. ಹಾಗಾಗಿ ಕಡಲೆಕಾಯಿ ಅಲರ್ಜಿ ಇರುವವರು ದಯವಿಟ್ಟು ನಮ್ಮಲ್ಲಿ ತಿನ್ನಬೇಡಿ. ಗಿರಾಕಿ ಹೋದರೂ ಪರವಾಗಿಲ್ಲ, ಇದನ್ನೇ ಬೋರ್ಡ್ ಬರೆಸಿ ಬಾಗಿಲಲ್ಲಿ ಹಾಕಿದ್ದೇನೆ.

(ಕ್ಯಾಮೆರಾ ಬೋರ್ಡ್ ಕಡೆ. ಓದುವಷ್ಟು ಹೊತ್ತು ನಿಲ್ಲಲಿ.)

ಭಾನುವಾರ ಆ ಚಟ್ನಿ ತಿಂದು ಬೇರೆ ಯಾರಿಗಾದರೂ ತೊಂದರೆ ಆಗಿದ್ದರೆ ಬಂದು ಹೇಳಿ. ಬೆಳಿಗ್ಗೆ 6 ಗಂಟೆಯಿಂದ ನಾನು ಇಲ್ಲೇ ಇರುತ್ತೇನೆ.