ವಿಷಯ: ಧ್ವನಿ-ದೃಶ್ಯ ಮುದ್ರಿತ ಉಪನ್ಯಾಸಗಳಿಗೆ ಸಂಗ್ರಹ ಸ್ಥಳ ಹಾಗೂ ಪರಿವರ್ತನೆಯ ಯೋಜನೆ ಕೋರಿ

ದಿನಾಂಕ: 9-7-2025

ಇವರಿಗೆ,
ಮುಖ್ಯಸ್ಥರು, ಮಾಹಿತಿ ತಂತ್ರಜ್ಞಾನ ಕಚೇರಿ

ಮಾನ್ಯರೇ,

ನಮ್ಮ ವಿಭಾಗದ ಕಪಾಟಿನಲ್ಲಿ ಹಳಗನ್ನಡ ಕಾವ್ಯ ಕುರಿತ ಉಪನ್ಯಾಸಗಳ 60 ಮಿನಿ ಡಿವಿ ಟೇಪ್‌ಗಳೂ 140 ಡಿವಿಡಿಗಳೂ ಇವೆ. ನಿವೃತ್ತರಾದ, ಈಗ ನಮ್ಮೊಡನಿಲ್ಲದ ಅಧ್ಯಾಪಕರ ಗಮಕ ವಾಚನ ಇವುಗಳಲ್ಲಿ ಮಾತ್ರ ಉಳಿದಿದೆ. ಕಳೆದ ಮಳೆಗಾಲದಲ್ಲಿ ಕೆಲವು ಟೇಪ್‌ಗಳಿಗೆ ಬೂಷ್ಟು ಹಿಡಿದಿದೆ. ಅವುಗಳನ್ನು ಶುಚಿಗೊಳಿಸದೆ ಯಂತ್ರಕ್ಕೆ ಹಾಕಬಾರದೆಂದು ವಿನಂತಿ.

ಒಂದು ಗಂಟೆಯ ಟೇಪ್‌ಗೆ ಸುಮಾರು 13 ಜಿಬಿ ಬೇಕು. ಡಿವಿಡಿಗಳೂ ಸೇರಿ ಮೂಲ ಕಡತಗಳಿಗೇ 1.5 ಟಿಬಿ ಆಗಬಹುದು. ನೋಡಲು ಬೇಕಾದ MP4 ಪ್ರತಿಗಳೊಂದಿಗೆ 2 ಟಿಬಿ, ಬೇರೊಂದು ಕಟ್ಟಡದಲ್ಲಿ ಇಡುವ ಎರಡನೆಯ ಪ್ರತಿಗೆ ಇನ್ನೂ 2 ಟಿಬಿ ಮಂಜೂರು ಮಾಡಬೇಕು. MP4 ಸಿದ್ಧವಾಯಿತೆಂದು ಮೂಲ ಕಡತಗಳನ್ನು ಅಳಿಸಬಾರದು. ಕುಗ್ಗಿಸಿದ ಪ್ರತಿಯಿಂದ ಮೂಲದ ಗುಣಮಟ್ಟ ಮರಳಿ ಸಿಗುವುದಿಲ್ಲ.

ಟೇಪ್‌ಗಳನ್ನು ಓಡಿಸಿದಷ್ಟೇ ಹೊತ್ತು ಪ್ರತಿ ತೆಗೆಯಲೂ ಹಿಡಿಯುವುದರಿಂದ ಮೊದಲು ಅವುಗಳನ್ನೇ ಕೈಗೆತ್ತಿಕೊಳ್ಳಿ. ಫೈರ್‌ವೈರ್ ಕಿಂಡಿಯಿರುವ ಹಳೆಯ ಕಂಪ್ಯೂಟರ್ ನಿಮ್ಮಲ್ಲಿದೆಯೇ ತಿಳಿಸಿ, ಕ್ಯಾಮೆರಾ ನಮ್ಮಲ್ಲಿದೆ. ಉಪನ್ಯಾಸಕರ ಹೆಸರು, ವಿಷಯ, ದಿನಾಂಕಗಳ ಪಟ್ಟಿಯನ್ನು ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಸಿದ್ಧಪಡಿಸುತ್ತಾರೆ.

ವೇಳಾಪಟ್ಟಿ ಹಾಗೂ ಅಂದಾಜು ವೆಚ್ಚವನ್ನು ಜುಲೈ 25ರೊಳಗೆ ಕಳುಹಿಸಿದರೆ ಗ್ರಂಥಾಲಯ ಸಮಿತಿಯ ಮುಂದಿಡುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯಸ್ಥರು, ಕನ್ನಡ ವಿಭಾಗ